ವೈಯಕ್ತಿಕ ಸಾಲವೋ, ಕಾರ್ಡಿನ ಕಂತೋ: ಕೊನೆಯ ಕಂತಿನವರೆಗಿನ ಲೆಕ್ಕ

ತಿಂಗಳ ಸಂಬಳದಲ್ಲಿ ಬದುಕುವ ಮನೆಗೆ ಒಮ್ಮೆಲೇ ಒಂದು ಲಕ್ಷ ರೂಪಾಯಿ ಖರ್ಚು ಬಂತು ಅಂದುಕೊಳ್ಳಿ. ಹಾಸನದ ಕಡೆಯ ಒಬ್ಬ ಶಿಕ್ಷಕಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ವಿಮೆಯ ಹಣ ಕಳೆದು ಆಸ್ಪತ್ರೆಗೆ ಇನ್ನೂ ಒಂದು ಲಕ್ಷ ಕಟ್ಟಬೇಕು. ಅವರ ಬಳಿ ಕ್ರೆಡಿಟ್ ಕಾರ್ಡ್ ಇದೆ. ಅದನ್ನು ಉಜ್ಜಿ ಬಿಲ್ ಕಟ್ಟಿದರೆ ಸಂಜೆಯೊಳಗೆ ಮೊಬೈಲಿಗೆ ಸಂದೇಶ ಬರುತ್ತದೆ: ಈ ಮೊತ್ತವನ್ನು ಸುಲಭ ಕಂತುಗಳಾಗಿ ಪರಿವರ್ತಿಸಿಕೊಳ್ಳಿ, ಬಡ್ಡಿ ವರ್ಷಕ್ಕೆ ಶೇ 15. ಇನ್ನೊಂದು ಕಡೆ ಅವರ ಸಂಬಳ ಜಮಾ ಆಗುವ ಬ್ಯಾಂಕು ವೈಯಕ್ತಿಕ ಸಾಲ ಕೊಡಲು ಸಿದ್ಧವಿದೆ. ಅಲ್ಲಿ ಬಡ್ಡಿ ಶೇ 14.

ಹದಿನಾಲ್ಕು ಹದಿನೈದಕ್ಕಿಂತ ಕಡಿಮೆ, ಹಾಗಾಗಿ ಸಾಲವೇ ಅಗ್ಗ ಎಂದು ಹೆಚ್ಚಿನವರು ತೀರ್ಮಾನಿಸುತ್ತಾರೆ. ಆರು ತಿಂಗಳಲ್ಲಿ ತೀರಿಸುವುದಾದರೆ ಆ ತೀರ್ಮಾನ ತಪ್ಪು, ಮೂರು ವರ್ಷದಲ್ಲಿ ತೀರಿಸುವುದಾದರೆ ಸರಿ. ದರ ಬದಲಾಗದೆ ಅವಧಿ ಮಾತ್ರ ಬದಲಾದರೆ ಉತ್ತರ ಹೇಗೆ ತಿರುಗುಮುರುಗಾಗುತ್ತದೆ ಎಂಬುದನ್ನೇ ಈ ಹೊತ್ತು ನಿಮ್ಮ ಮುಂದೆ ಬಿಡಿಸಿಡಬೇಕೆಂದಿದ್ದೇನೆ. ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ಮೊದಲು ಬ್ಯಾಂಕಿನ ಸಾಲ. ಒಂದು ಲಕ್ಷ, ಹನ್ನೆರಡು ತಿಂಗಳು, ಬಾಕಿ ಇಳಿದಂತೆ ಬಡ್ಡಿಯೂ ಇಳಿಯುವ ಪದ್ಧತಿಯಲ್ಲಿ ಶೇ 14. ತಿಂಗಳ ಕಂತು 8,979 ರೂಪಾಯಿ. ವರ್ಷ ಪೂರ್ತಿ ಕಟ್ಟುವ ಬಡ್ಡಿ 7,745 ರೂಪಾಯಿ. ಇಷ್ಟನ್ನು ಬ್ಯಾಂಕಿನವರು ಹೇಳುತ್ತಾರೆ. ಇದರ ಜೊತೆಗೆ ಪ್ರೊಸೆಸಿಂಗ್ ಫೀ ಇರುತ್ತದೆ. ಅದು ಶೇ 2 ಎಂದಿಟ್ಟುಕೊಳ್ಳೋಣ. 2,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 2,360. ಈ ಹಣವನ್ನು ಸಾಮಾನ್ಯವಾಗಿ ಸಾಲ ಕೊಡುವ ದಿನವೇ ಹಿಡಿದುಕೊಳ್ಳುತ್ತಾರೆ. ಅಂದರೆ ಶಿಕ್ಷಕಿಯ ಖಾತೆಗೆ ಬರುವುದು 97,640 ರೂಪಾಯಿ. ಆದರೆ ಕಂತು ಲೆಕ್ಕ ಹಾಕುವುದು ಪೂರ್ತಿ ಒಂದು ಲಕ್ಷಕ್ಕೆ. ಕೈಗೆ ಬಾರದ 2,360 ರೂಪಾಯಿಗೂ ಅವರು ಬಡ್ಡಿ ಕಟ್ಟುತ್ತಾರೆ.

ಈಗ ಕಾರ್ಡು. ಅದೇ ಒಂದು ಲಕ್ಷ, ಅದೇ ಹನ್ನೆರಡು ತಿಂಗಳು, ಶೇ 15. ಕಂತು 9,026 ರೂಪಾಯಿ. ಒಟ್ಟು ಬಡ್ಡಿ 8,310. ಶುಲ್ಕ 199 ರೂಪಾಯಿ, ತೆರಿಗೆ ಸೇರಿ 235. ಇಲ್ಲಿ ಶುಲ್ಕ ಅಲ್ಪ. ಆದರೆ ಬ್ಯಾಂಕ್ ಸಾಲದಲ್ಲಿ ಇಲ್ಲದ ಒಂದು ವೆಚ್ಚ ಇಲ್ಲಿದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಸಾಲದ ಬಡ್ಡಿಗೆ ವಿನಾಯಿತಿ ಕೊಟ್ಟರು. ಮನೆ ಸಾಲವಿರಲಿ, ವೈಯಕ್ತಿಕ ಸಾಲವಿರಲಿ, ಬಡ್ಡಿಯ ಮೇಲೆ ತೆರಿಗೆ ಇಲ್ಲ. ಆದರೆ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನು ಆ ವಿನಾಯಿತಿಯಿಂದ ಹೊರಗಿಟ್ಟರು. ಆದ್ದರಿಂದ ಕಾರ್ಡಿನ ಕಂತಿನಲ್ಲಿ ಬಡ್ಡಿಯ ಭಾಗ ಎಷ್ಟಿದೆಯೋ ಅದಕ್ಕೆ ಪ್ರತಿ ತಿಂಗಳೂ ಶೇ 18 ತೆರಿಗೆ ಬೀಳುತ್ತದೆ.

ಇದು ಕಾಣುವುದು ಮೊದಲ ಸ್ಟೇಟ್‌ಮೆಂಟಿನಲ್ಲಿ. ಫೋನಿನಲ್ಲಿ ಕಂತು 9,026 ಎಂದಿದ್ದರು. ಬಿಲ್ಲಿನಲ್ಲಿ ಕಂತಿನ ಕೆಳಗೆ ಇನ್ನೆರಡು ಸಾಲುಗಳಿರುತ್ತವೆ: ಶುಲ್ಕ ತೆರಿಗೆ ಸೇರಿ 235, ಬಡ್ಡಿಯ ಮೇಲಿನ ಜಿಎಸ್‌ಟಿ 225. ಮೊದಲ ತಿಂಗಳು ಪೂರ್ತಿ ಒಂದು ಲಕ್ಷ ಬಾಕಿ ಇರುವುದರಿಂದ ಬಡ್ಡಿ 1,250, ಅದರ ಶೇ 18 ಅಂದರೆ 225. ಹನ್ನೆರಡನೆಯ ತಿಂಗಳಿಗೆ ಬಡ್ಡಿ 111 ರೂಪಾಯಿಗೆ ಇಳಿದಿರುತ್ತದೆ, ತೆರಿಗೆ 20 ರೂಪಾಯಿ. ಹನ್ನೆರಡು ತಿಂಗಳ ಈ ತೆರಿಗೆ ಒಟ್ಟು ಸೇರಿದರೆ 1,496 ರೂಪಾಯಿ. ಇದರ ಪರಿಣಾಮ ಸರಳ. ಶೇ 15ಕ್ಕೆ ಅದರದೇ ಶೇ 18 ಸೇರಿಸಿ. ಶೇ 17.7 ಆಗುತ್ತದೆ. ಕಾರ್ಡಿನವರು ಹೇಳುವ ಯಾವ ದರವನ್ನೇ ಆಗಲಿ 1.18ರಿಂದ ಗುಣಿಸಿದ ಮೇಲೆಯೇ ಅದನ್ನು ಬ್ಯಾಂಕ್ ಸಾಲದ ದರದ ಪಕ್ಕದಲ್ಲಿಡಬೇಕು.

ಈಗ ಹನ್ನೆರಡು ತಿಂಗಳ ಒಟ್ಟು ವೆಚ್ಚ ನೋಡೋಣ. ಬ್ಯಾಂಕ್ ಸಾಲದಲ್ಲಿ ಬಡ್ಡಿ, ಶುಲ್ಕ ಸೇರಿ 10,105 ರೂಪಾಯಿ. ಕಾರ್ಡಿನಲ್ಲಿ ಬಡ್ಡಿ, ತೆರಿಗೆ, ಶುಲ್ಕ ಸೇರಿ 10,041 ರೂಪಾಯಿ. ಅಂತರ 64 ರೂಪಾಯಿ. ಶೇ 14ಕ್ಕೂ ಶೇ 15ಕ್ಕೂ ಇದ್ದ ವ್ಯತ್ಯಾಸ ಅಳಿಸಿಹೋಯಿತು. ಕೈಗೆ ಬಂದ ಹಣ ಮತ್ತು ಕಟ್ಟಿದ ಕಂತು ಇವೆರಡನ್ನೇ ಇಟ್ಟುಕೊಂಡು ನಿಜವಾದ ಬಡ್ಡಿ ತೆಗೆದರೆ ಸಾಲ ವರ್ಷಕ್ಕೆ ಶೇ 18.6, ಕಾರ್ಡು ಶೇ 18.1. ನಮ್ಮೂರುಗಳ ಲೆಕ್ಕದಲ್ಲಿ ಹೇಳಬೇಕೆಂದರೆ ಎರಡೂ ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿಗಿಂತ ಸ್ವಲ್ಪ ಮೇಲಿನ ಬಡ್ಡಿ.

ಒಟ್ಟು ಕಟ್ಟಿದ್ದು ಲಕ್ಷಕ್ಕೆ ಹತ್ತು ಸಾವಿರ, ಅಂದರೆ ಶೇ 10, ಅದು ಹದಿನೆಂಟು ಹೇಗಾಯಿತು ಎಂದು ನಿಮಗೆ ಅನ್ನಿಸಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಶಿಕ್ಷಕಿಯ ಬಳಿ ಒಂದು ಲಕ್ಷ ವರ್ಷವಿಡೀ ಇರುವುದಿಲ್ಲ. ಪ್ರತಿ ತಿಂಗಳೂ ಅಸಲಿನ ಒಂದು ಪಾಲು ಹಿಂದಕ್ಕೆ ಹೋಗುತ್ತದೆ. ಆರನೆಯ ಕಂತು ಕಟ್ಟುವ ಹೊತ್ತಿಗೆ ಸುಮಾರು ಅರ್ಧ ಮಾತ್ರ ಉಳಿದಿರುತ್ತದೆ. ಇಡೀ ವರ್ಷದ ಸರಾಸರಿ ಬಾಕಿ ಸುಮಾರು 54,000 ರೂಪಾಯಿ. 54,000 ರೂಪಾಯಿಯನ್ನು ಒಂದು ವರ್ಷ ಬಳಸಿದ್ದಕ್ಕೆ 10,000 ಕೊಟ್ಟರು. ಶೇಕಡಾ ಹದಿನೆಂಟರ ಮೇಲಾಗುವುದು ಹೀಗೆ.

ಇದನ್ನು ಹಾಳೆಯ ಮೇಲೆ ನೀವೇ ಮಾಡಬಹುದು. ತಿಂಗಳುಗಳ ಸಂಖ್ಯೆಗೆ ಒಂದು ಕೂಡಿಸಿ, ತಿಂಗಳುಗಳ ಎರಡರಷ್ಟರಿಂದ ಭಾಗಿಸಿ. ಹನ್ನೆರಡು ತಿಂಗಳಿಗೆ ಅದು 13 ಭಾಗಿಸು 24. ಕೈಗೆ ಬಂದ ಹಣವನ್ನು ಇದರಿಂದ ಗುಣಿಸಿದರೆ ಸರಾಸರಿ ಬಾಕಿ ಸಿಗುತ್ತದೆ. ಸಾಲದಲ್ಲಿ ಅದು 97,640ರ ಮೇಲೆ, ಅಂದರೆ ಸುಮಾರು 52,900. ಕಾರ್ಡಿನಲ್ಲಿ ಒಂದು ಲಕ್ಷದ ಮೇಲೆ, ಅಂದರೆ ಸುಮಾರು 54,200. ಒಂದು ವರ್ಷದ ಒಟ್ಟು ವೆಚ್ಚವನ್ನು ಈ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಮೂರು ವರ್ಷದ ಸಾಲವಾದರೆ ಒಟ್ಟು ವೆಚ್ಚವನ್ನು ಮೊದಲು ಮೂರರಿಂದ ಭಾಗಿಸಿಕೊಳ್ಳಿ. ಈ ಕೈಲೆಕ್ಕ ನಿಜವಾದ ದರಕ್ಕಿಂತ ಒಂದಿಷ್ಟು ಹೆಚ್ಚು ತೋರಿಸುತ್ತದೆ: ವರ್ಷದ ಅವಧಿಗೆ ಸುಮಾರು ಅರ್ಧ ಅಂಶ, ಮೂರು ವರ್ಷಕ್ಕೆ ಒಂದು ಅಂಶಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಎರಡೂ ಸಾಲಗಳಿಗೆ ಒಂದೇ ಬಗೆಯಲ್ಲಿ ಹೆಚ್ಚು ತೋರಿಸುವುದರಿಂದ ಯಾವುದು ಅಗ್ಗ ಎಂಬುದನ್ನು ತಿಳಿಯಲು ಇದು ಸಾಕು. ಕಂಪ್ಯೂಟರ್ ಬಳಸುವವರಿಗೆ ಸ್ಪ್ರೆಡ್‌ಶೀಟಿನಲ್ಲಿ RATE ಎಂಬ ಸೂತ್ರವಿದೆ. ಕಂತುಗಳ ಸಂಖ್ಯೆ, ಮೈನಸ್ ಚಿಹ್ನೆಯೊಡನೆ ಕಂತಿನ ಮೊತ್ತ, ಕೈಗೆ ಬಂದ ಹಣ, ಈ ಮೂರನ್ನು ಈ ಕ್ರಮದಲ್ಲಿ ಕೊಟ್ಟರೆ ತಿಂಗಳ ದರ ಬರುತ್ತದೆ. ಅದನ್ನು ಹನ್ನೆರಡರಿಂದ ಗುಣಿಸಿ. ಕಾರ್ಡಿನ ಕಂತಿಗೆ ತೆರಿಗೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಆದರೂ ಸರಾಸರಿ ಕಂತು ಹಾಕಿದರೆ ಉತ್ತರ ಹತ್ತಿರದಲ್ಲೇ ಇರುತ್ತದೆ.

ಇನ್ನು ಅವಧಿಯ ವಿಷಯ. ಶಿಕ್ಷಕಿ ಆರೇ ತಿಂಗಳಲ್ಲಿ ತೀರಿಸುತ್ತಾರೆ ಎಂದುಕೊಳ್ಳಿ. ದರಗಳು ಮೊದಲಿನವೇ. ಬ್ಯಾಂಕ್ ಸಾಲದ ಒಟ್ಟು ವೆಚ್ಚ 6,483 ರೂಪಾಯಿ, ಕಾರ್ಡಿನದು 5,451 ರೂಪಾಯಿ. ಕಾರ್ಡಿನಲ್ಲಿ ಸಾವಿರ ರೂಪಾಯಿ ಉಳಿಯಿತು. ನಿಜವಾದ ಬಡ್ಡಿ ತೆಗೆದರೆ ಅಂತರ ಇನ್ನೂ ಎದ್ದು ಕಾಣುತ್ತದೆ: ಸಾಲ ಶೇ 22.4, ಕಾರ್ಡು ಶೇ 18.5. ಹದಿನಾಲ್ಕು ಎಂದು ಹೇಳಿದ ಸಾಲ ಇಪ್ಪತ್ತೆರಡನ್ನು ದಾಟಿತು.

ಅದೇ ಮೂವತ್ತಾರು ತಿಂಗಳಿಗೆ ಎಳೆದರೆ ಬ್ಯಾಂಕ್ ಸಾಲದ ಒಟ್ಟು ವೆಚ್ಚ 25,399 ರೂಪಾಯಿ, ಕಾರ್ಡಿನದು 29,493 ರೂಪಾಯಿ. ಈಗ ಸಾಲದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಉಳಿತಾಯ. ನಿಜವಾದ ಬಡ್ಡಿ ಸಾಲಕ್ಕೆ ಶೇ 15.7, ಕಾರ್ಡಿಗೆ ಶೇ 17.9.

ಕಾರಣ ಇಷ್ಟೇ. ಬ್ಯಾಂಕ್ ಸಾಲದ ಶುಲ್ಕ ಆಟೊ ರಿಕ್ಷಾದ ಕನಿಷ್ಠ ದರದ ಹಾಗೆ. ಪಕ್ಕದ ಬೀದಿಗೆ ಹೋದರೂ ಅಷ್ಟೇ ಕೊಡಬೇಕು, ದೂರ ಹೋದಷ್ಟೂ ಕಿಲೋಮೀಟರಿಗೆ ಬೀಳುವ ಹೊರೆ ತೆಳುವಾಗುತ್ತದೆ. ಒಮ್ಮೆ ಕೊಟ್ಟ 2,360 ರೂಪಾಯಿ ಆರು ತಿಂಗಳ ಮೇಲೆ ಹರಡಿದರೆ ವರ್ಷಕ್ಕೆ ಎಂಟು ಅಂಶದಷ್ಟು ಭಾರ, ಮೂರು ವರ್ಷದ ಮೇಲೆ ಹರಡಿದರೆ ಎರಡಕ್ಕೂ ಕಡಿಮೆ. ಕಾರ್ಡಿನ ಬಡ್ಡಿಯ ಮೇಲಿನ ತೆರಿಗೆ ಹಾಗೆ ಹರಡಿ ತೆಳುವಾಗುವುದಿಲ್ಲ. ಬಾಕಿ ಇರುವಷ್ಟು ದಿನವೂ, ಬಾಕಿಗೆ ತಕ್ಕಂತೆ, ಅದು ಬೀಳುತ್ತಲೇ ಇರುತ್ತದೆ. ಆರು ತಿಂಗಳಿಗೆ 796 ರೂಪಾಯಿ ಇದ್ದದ್ದು ಮೂವತ್ತಾರು ತಿಂಗಳಿಗೆ 4,463 ಆಗುತ್ತದೆ. ಒಂದು ವೆಚ್ಚ ಮೊದಲ ದಿನವೇ ಬರುವಂಥದು, ಇನ್ನೊಂದು ದಿನದಿನಕ್ಕೆ ಬೆಳೆಯುವಂಥದು. ನಮ್ಮ ಉದಾಹರಣೆಯಲ್ಲಿ ಎರಡೂ ಸಮವಾಗುವುದು ಒಂದು ವರ್ಷವನ್ನು ಸ್ವಲ್ಪ ದಾಟಿದಾಗ.

ನಿಮಗೆ ಸಿಗುವ ದರಗಳು ಬೇರೆಯಿರಬಹುದು, ಆಗ ಸಮವಾಗುವ ತಿಂಗಳೂ ಬೇರೆಯಾಗುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸಾಲದ ಅರ್ಜಿ ಹಾಕುವಾಗ ನಮ್ಮವರು ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಇಳಿಸಲು ಚೌಕಾಸಿ ಮಾಡುತ್ತಾರೆ, ಶುಲ್ಕದ ಬಗ್ಗೆ ಬಾಯಿ ಬಿಡುವುದಿಲ್ಲ. ಅಲ್ಪಾವಧಿಯ ಸಾಲದಲ್ಲಿ ಕೇಳಬೇಕಾದದ್ದು ಶುಲ್ಕದ ಮನ್ನಾ. ಬ್ಯಾಂಕು ಆ ಶುಲ್ಕವನ್ನು ಪೂರ್ತಿ ಬಿಟ್ಟರೆ ಅದೇ ಆರು ತಿಂಗಳ ಸಾಲ ಇಪ್ಪತ್ತೆರಡರಿಂದ ಹದಿನಾಲ್ಕಕ್ಕೆ ಇಳಿಯುತ್ತದೆ. ಆಗ ಕಾರ್ಡು ಹತ್ತಿರವೂ ಬರಲಾರದು.

ಇಲ್ಲಿಯವರೆಗೆ ಎರಡೂ ಕಡೆ ಬಾಕಿ ಇಳಿದಂತೆ ಬಡ್ಡಿಯೂ ಇಳಿಯುತ್ತದೆ ಎಂದೇ ಲೆಕ್ಕ ಹಾಕಿದೆ. ಹಾಗಿಲ್ಲದ ಪ್ರಸ್ತಾಪಗಳೂ ಬರುತ್ತವೆ. "ತಿಂಗಳಿಗೆ ಬರೀ ಒಂದು ಪರ್ಸೆಂಟ್ ಫ್ಲಾಟ್, ಮೇಡಂ" ಎಂದು ಫೋನಿನಲ್ಲಿ ಹೇಳುತ್ತಾರೆ. ಫ್ಲಾಟ್ ಎಂದರೆ ಕೊನೆಯ ತಿಂಗಳವರೆಗೂ ಮೂಲ ಒಂದು ಲಕ್ಷದ ಮೇಲೆಯೇ ಬಡ್ಡಿ. ತಿಂಗಳಿಗೆ ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ. ಕಂತು 9,333 ರೂಪಾಯಿ. ಹನ್ನೆರಡನೆಯ ತಿಂಗಳಲ್ಲಿ ಅಸಲು ಉಳಿದಿರುವುದು 8,333 ರೂಪಾಯಿ, ಆದರೂ ಆ ತಿಂಗಳ ಬಡ್ಡಿ ಸಾವಿರವೇ. ಶೇ 12ರಂತೆ ಕೇಳಿಸುವ ಇದು ನಿಜದಲ್ಲಿ ವರ್ಷಕ್ಕೆ ಸುಮಾರು ಶೇ 21.5. ಕಾರ್ಡಿನದಾದರೆ ತೆರಿಗೆ ಸೇರಿ ಶೇ 25ನ್ನು ದಾಟುತ್ತದೆ. ಕಂಡುಹಿಡಿಯುವುದು ಕಷ್ಟವಿಲ್ಲ. ಕಂತನ್ನು ತಿಂಗಳುಗಳಿಂದ ಗುಣಿಸಿ ಅಸಲನ್ನು ಕಳೆಯಿರಿ. ಉಳಿದ ಬಡ್ಡಿ ಅಸಲಿನ ಸರಿಯಾಗಿ ಶೇ 12 ಇದ್ದರೆ ಅದು ಫ್ಲಾಟ್. ಬಾಕಿ ಇಳಿದಂತೆ ಇಳಿಯುವ ಶೇ 12 ಆಗಿದ್ದರೆ ಒಂದು ಲಕ್ಷಕ್ಕೆ ವರ್ಷದ ಬಡ್ಡಿ ಆರೂವರೆ ಸಾವಿರದ ಆಸುಪಾಸಿನಲ್ಲಿರಬೇಕು.

ಬಡ್ಡಿಯಿಲ್ಲದ ಕಂತು, ನೋ ಕಾಸ್ಟ್ ಇಎಂಐ, ಎಂಬುದರ ಬಗ್ಗೆಯೂ ಎರಡು ಮಾತು. ಬಡ್ಡಿ ಅಲ್ಲಿಯೂ ಇರುತ್ತದೆ. ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಶುಲ್ಕ ಮಾತ್ರ ಕೊಂಡವರ ತಲೆಗೇ ಬರುತ್ತದೆ. ಬಡ್ಡಿಯನ್ನು ಮರೆಮಾಚಿ ಶೂನ್ಯ ಎಂದು ತೋರಿಸಬಾರದು, ಅಸಲು, ಬಡ್ಡಿ, ರಿಯಾಯಿತಿ ಮೂರನ್ನೂ ಕಂತಾಗಿ ಪರಿವರ್ತಿಸುವ ಮುಂಚೆಯೇ ಬೇರೆ ಬೇರೆ ತಿಳಿಸಬೇಕು, ಬಿಲ್ಲಿನಲ್ಲೂ ತೋರಿಸಬೇಕು ಎಂದು ರಿಸರ್ವ್ ಬ್ಯಾಂಕು 2022ರ ತನ್ನ ಕಾರ್ಡ್ ನಿರ್ದೇಶನಗಳಲ್ಲಿ ಹೇಳಿದೆ. ನೀವು ಕೇಳಿದರೆ ಆ ಮೂರು ಅಂಕಿಗಳನ್ನು ಕೊಡಲೇಬೇಕು. ಅಂಗಡಿಯಲ್ಲಿ ನಗದು ಕೊಟ್ಟರೆ ಬೆಲೆ ಎಷ್ಟು ಎಂಬುದನ್ನೂ ಜೊತೆಗೆ ಕೇಳಿ. ಅಲ್ಲಿ ಕಡಿಮೆ ಮಾಡುತ್ತಾರಾದರೆ ಆ ಕಡಿತವೂ ನಿಮ್ಮ ಕಂತಿನ ವೆಚ್ಚವೇ.

ಇನ್ನು ಮಧ್ಯದಲ್ಲೇ ತೀರಿಸುವ ಮಾತು. ನಮ್ಮಲ್ಲಿ ಬೋನಸ್ಸೋ, ಚೀಟಿ ಹಣವೋ ಬಂದ ಕೂಡಲೇ ಸಾಲ ಮುಗಿಸಿಬಿಡುವ ಆಸೆ ಸಹಜ. ಕಂತು ಹಗುರವಾಗಿರಲಿ ಎಂದು ಮೂರು ವರ್ಷದ ಸಾಲ ತೆಗೆದುಕೊಳ್ಳುತ್ತಾರೆ, ಒಂದು ವರ್ಷಕ್ಕೇ ತೀರಿಸುತ್ತಾರೆ. ನಮ್ಮ ಶಿಕ್ಷಕಿ ಹಾಗೆ ಮಾಡಿದರೆ ಹನ್ನೆರಡು ಕಂತು ಕಟ್ಟಿದ ಮೇಲೆ ಉಳಿಯುವ ಅಸಲು 71,184 ರೂಪಾಯಿ. ಅವಧಿಗೆ ಮುನ್ನ ಮುಚ್ಚುವ ಶುಲ್ಕ ಶೇ 3 ಎಂದಿಟ್ಟುಕೊಂಡರೆ ತೆರಿಗೆ ಸೇರಿ 2,520 ರೂಪಾಯಿ. ಮೊದಲ ದಿನ ಕೊಟ್ಟ 2,360 ಈಗ ಮೂರು ವರ್ಷದ ಬದಲು ಒಂದೇ ವರ್ಷದ ಮೇಲೆ ಬಿತ್ತು. ಶೇ 15.7 ಆಗಬೇಕಿದ್ದ ಸಾಲ ಶೇ 19.6 ಆಯಿತು. ಚಂಚಲ ದರದ ಸಾಲವನ್ನು ವ್ಯಕ್ತಿಯೊಬ್ಬರು ಸ್ವಂತ ಅಗತ್ಯಕ್ಕೆ ಪಡೆದಿದ್ದರೆ ಮುಂಚಿತವಾಗಿ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಆದರೆ ವೈಯಕ್ತಿಕ ಸಾಲಗಳು ಬಹುಪಾಲು ಸ್ಥಿರ ದರದವು, ಆ ರಕ್ಷಣೆ ಅವುಗಳಿಗೆ ತಾನಾಗಿ ಸಿಗುವುದಿಲ್ಲ. ಕಾರ್ಡಿನ ಕಂತನ್ನು ಮುಂಚೆ ಮುಚ್ಚಲೂ ಸಾಮಾನ್ಯವಾಗಿ ಶುಲ್ಕವಿರುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ಕಾಗದದ ಮೇಲಿನ ಅವಧಿಯನ್ನು ಬಿಟ್ಟು, ನೀವು ನಿಜವಾಗಿ ತೀರಿಸಬಲ್ಲ ಅವಧಿಯನ್ನು ಹಿಡಿಯಿರಿ.

ಕಾರ್ಡಿನ ಕಂತಿಗೆ ಇನ್ನೊಂದು ಅಪಾಯವಿದೆ, ಬ್ಯಾಂಕ್ ಸಾಲಕ್ಕೆ ಅದಿಲ್ಲ. ಈ ಕಂತು ಕಾರ್ಡಿನ ಉಳಿದ ಖರ್ಚಿನ ಜೊತೆ ಒಂದೇ ಬಿಲ್ಲಿನಲ್ಲಿ ಬರುತ್ತದೆ. ಶಿಕ್ಷಕಿ ಅದೇ ಕಾರ್ಡಿನಲ್ಲಿ ಆ ತಿಂಗಳು ದಿನಸಿ, ಬಟ್ಟೆ, ಔಷಧಿ ಎಂದು 20,000 ರೂಪಾಯಿ ಖರ್ಚು ಮಾಡಿದ್ದಾರೆ. ಬಿಲ್ ಬಂದಾಗ ಕೈ ಬಿಗಿಯಾಗಿದೆ ಎಂದು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾರೆ. ಕಂತು ಆ ಕನಿಷ್ಠ ಮೊತ್ತದೊಳಗೆ ಸೇರಿರುತ್ತದೆ, ಅದು ಸಂದಾಯವಾಗುತ್ತದೆ. ಆದರೆ ಉಳಿದ ಖರ್ಚಿಗೆ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ, ಹೊಸದಾಗಿ ಕೊಳ್ಳುವುದಕ್ಕೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಆ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು. ತೆರಿಗೆ ಸೇರಿದರೆ ನೂರಕ್ಕೆ ತಿಂಗಳಿಗೆ ನಾಲ್ಕು ರೂಪಾಯಿ ದಾಟುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ ಐವತ್ತು. ಆರು ತಿಂಗಳ ಕಂತಿನಲ್ಲಿ ಉಳಿಸಿದ ಸಾವಿರ ರೂಪಾಯಿ ಒಂದೆರಡು ಬಿಲ್ಲುಗಳಲ್ಲಿ ಕರಗಿಹೋಗುತ್ತದೆ. ಪ್ರತಿ ತಿಂಗಳೂ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ ಕಾರ್ಡಿನ ಕಂತು ಅಗ್ಗ. ಅದು ಆಗದವರು ಕಂತು ನಡೆಯುವಷ್ಟು ದಿನ ಆ ಕಾರ್ಡನ್ನು ಬೇರೆ ಯಾವ ಖರೀದಿಗೂ ಬಳಸದೆ ಎತ್ತಿಡುವುದು ಒಳ್ಳೆಯದು.

ಇಷ್ಟೆಲ್ಲ ಲೆಕ್ಕವನ್ನು ಬ್ಯಾಂಕಿನವರೇ ಮಾಡಿಕೊಡಬಾರದೆ ಎಂದು ನೀವು ಕೇಳಬಹುದು. ಸಾಲದ ಮಟ್ಟಿಗೆ ಈಗ ಮಾಡಿಕೊಡುತ್ತಾರೆ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಪ್ರತಿ ಹೊಸ ವೈಯಕ್ತಿಕ ಸಾಲಕ್ಕೂ ಪ್ರಮುಖ ಅಂಶಗಳ ಹೇಳಿಕೆ ಎಂಬ ಪತ್ರ ಕೊಡಬೇಕು. ಕೆಎಫ್‌ಎಸ್ ಎಂದರೆ ಬ್ಯಾಂಕಿನವರಿಗೆ ಗೊತ್ತಾಗುತ್ತದೆ. ಅದರಲ್ಲಿ ಎಪಿಆರ್ ಎಂಬ ಒಂದು ದರವಿರುತ್ತದೆ. ಬಡ್ಡಿ, ಶುಲ್ಕ, ಸಾಲದೊಂದಿಗೆ ಜೋಡಿಸಿದ ವಿಮೆಯ ಕಂತು, ಎಲ್ಲವನ್ನೂ ಒಳಗೊಂಡ ವಾರ್ಷಿಕ ದರ ಅದು. ನಮ್ಮ ಉದಾಹರಣೆಯಲ್ಲಿ ಅಲ್ಲಿ ಬರೆದಿರಬೇಕಾದದ್ದು 14 ಅಲ್ಲ, 18.6. ಆ ಪತ್ರದಲ್ಲಿ ನಮೂದಿಸದ ಯಾವ ಶುಲ್ಕವನ್ನೂ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ.

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಆ ಸುತ್ತೋಲೆಯಿಂದ ಹೊರಗಿಟ್ಟಿದ್ದಾರೆ. ಕಾರ್ಡಿನ ಕಂತಿಗೂ ಎಲ್ಲ ಸೇರಿದ ಒಂದೇ ದರವನ್ನು ಹೀಗೆ ಬರೆದು ಕೊಡುವ ದಿನ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿಯವರೆಗೆ ಆ ಕಡೆಯ ಲೆಕ್ಕ ನಾವೇ ಹಾಕಬೇಕು: ಹೇಳಿದ ದರಕ್ಕೆ ಅದರ ಶೇ 18 ಸೇರಿಸಿ, ಶುಲ್ಕ ಸೇರಿಸಿ, ಬಂದ ಉತ್ತರವನ್ನು ಸಾಲದ ಪತ್ರದಲ್ಲಿರುವ ಎಪಿಆರ್ ಪಕ್ಕದಲ್ಲಿಡಿ. ಎರಡಕ್ಕೂ ಅವಧಿ ಒಂದೇ ಇರಲಿ.

ಸಾಲದ ಆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ಸುತ್ತೋಲೆಯಲ್ಲೇ ಇದೆ. ಹಾಗಾಗಿ ಕನ್ನಡದಲ್ಲಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಒಂದು ವಾರ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲಕ್ಕೆ ಆ ಪತ್ರ ಕೊಟ್ಟ ಮೇಲೆ ಅದರಲ್ಲಿನ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಬದಲಾಗದೆ ಉಳಿಯಬೇಕು. ಇವತ್ತೇ ಸಹಿ ಹಾಕಿ ಎಂದು ಯಾರು ಅವಸರಪಡಿಸಿದರೂ ಒಪ್ಪಬೇಡಿ. ಪತ್ರವನ್ನು ಮನೆಗೆ ತನ್ನಿ, ಮನೆಯವರ ಜೊತೆ ಕೂತು ಓದಿ, ಕಾರ್ಡಿನ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದು ನೋಡಿ, ಆಮೇಲೆ ಸಹಿ ಹಾಕಿ.